ಒಂದೇ ಓದಿಗೆ ಮೂರು ಅಂಕ: ರನ್ನಿಂಗ್ ರೆಕಾರ್ಡಿನಲ್ಲಿ ಯಾವುದು ತಪ್ಪು, ಯಾವುದು ತಪ್ಪಲ್ಲ?

ಪ್ರಶ್ನೆ: ಎರಡನೇ ತರಗತಿಯ ಹುಡುಗಿಯೊಬ್ಬಳಿಗೆ 50 ಪದದ ಕತೆ ಓದಿಸಿ, ಮಗು ಗಟ್ಟಿಯಾಗಿ ಓದುವಾಗ ಪದ ಪದಕ್ಕೂ ಗುರುತು ಹಾಕುವ ರನ್ನಿಂಗ್ ರೆಕಾರ್ಡ್ ಬರೆದೆ. ನನ್ನ ಲೆಕ್ಕದಲ್ಲಿ ನಿಖರತೆ ಶೇ. 82 ಬಂತು. ಅದೇ ಓದಿನ ಧ್ವನಿಮುದ್ರಣ ಕೇಳಿದ ಪಕ್ಕದ ತರಗತಿಯ ಮೇಷ್ಟ್ರು 96 ಅಂದರು. ಯಾರ ಲೆಕ್ಕ ಸರಿ? ಪಠ್ಯ ಸುಲಭವೋ ಕಷ್ಟವೋ ಅಂತ ಹೇಳುವ 90, 95 ಅನ್ನೋ ಗೆರೆಗಳು ಕನ್ನಡಕ್ಕೂ ನಡೆಯುತ್ತವಾ? ಹಾಳೆ, ಧ್ವನಿ ಎರಡೂ ಕಳಿಸಿದ್ದೇನೆ.

ಉತ್ತರ: ಧ್ವನಿಯನ್ನು ಮೂರು ಸಲ ಕೇಳಿದೆ. ನನಗೆ ಬಂದದ್ದು 92. ಅಂದರೆ ಈಗ ಒಂದೇ ಓದಿಗೆ ಮೂರು ಅಂಕ, ಅದೂ ಮೂರು ಬೇರೆ ಬೇರೆ ಮಟ್ಟದಲ್ಲಿ! ನಿಮ್ಮ ಪ್ರಕಾರ ಈ ಕತೆ ಅವಳಿಗೆ ಕಷ್ಟ, ಮೇಷ್ಟ್ರ ಪ್ರಕಾರ ಸುಲಭ, ನನ್ನ ಪ್ರಕಾರ ಎರಡರ ನಡುವೆ. ನಿಮ್ಮಿಬ್ಬರ ಕಿವಿಯೂ ಚೆನ್ನಾಗಿದೆ. ಅವಳು ಏನು ಓದಿದಳು ಅನ್ನುವುದರಲ್ಲಿ ನಿಮಗೆ ಜಗಳವೇ ಇಲ್ಲ. ಯಾವುದನ್ನು ತಪ್ಪು ಅಂತ ಎಣಿಸಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಂಡಿರಲಿಲ್ಲ, ಅಷ್ಟೇ.

ಮೊದಲು ಕತೆಯನ್ನು ಇಲ್ಲಿ ಇಡುತ್ತೇನೆ. ಪ್ರತಿ ಸಾಲಿನ ಕೊನೆಗೆ ಅಲ್ಲಿಯವರೆಗಿನ ಪದಗಳ ಎಣಿಕೆ ಹಾಕಿದ್ದೇನೆ. ನಿಮ್ಮ ಹಾಳೆಯಲ್ಲಿ ಇದು ಇರಲಿಲ್ಲ. ಮುಂದಿನ ಸಲ ಹಾಕಿಕೊಳ್ಳಿ, ಅರ್ಧ ಕೆಲಸ ಕಮ್ಮಿ ಆಗುತ್ತದೆ. ಮಗುವಿನ ಕೈಯಲ್ಲಿರುವ ಪ್ರತಿಯಲ್ಲಿ ಮಾತ್ರ ಅಂಕಿ ಇರಬಾರದು.

ರಾಧಾ ಬೆಳಿಗ್ಗೆ ಬೇಗ ಎದ್ದಳು. 4
ಕಿಟಕಿಯ ಹೊರಗೆ ಜೋರಾಗಿ ಮಳೆ ಬರುತ್ತಿತ್ತು. 9
ಬಾಗಿಲ ಹತ್ತಿರ ಒಂದು ನಾಯಿಮರಿ ನಡುಗುತ್ತಾ ನಿಂತಿತ್ತು. 15
ರಾಧಾ ಅದನ್ನು ಮೆಲ್ಲಗೆ ಎತ್ತಿಕೊಂಡಳು. 19
ಅದರ ಮೈಯೆಲ್ಲಾ ಒದ್ದೆಯಾಗಿತ್ತು. 22
ಹಳೆಯ ಬಟ್ಟೆಯಿಂದ ಮೈ ಒರೆಸಿದಳು. 26
ನಾಯಿಮರಿ ಬಾಲ ಅಲ್ಲಾಡಿಸಿತು. 29
ಅಷ್ಟರಲ್ಲಿ ದೊಡ್ಡ ನಾಯಿಯೊಂದು ಓಡಿ ಬಂತು. 34
ಅದು ಮರಿಯ ತಾಯಿ. 37
ರಾಧಾ ಮರಿಯನ್ನು ಕೆಳಗೆ ಬಿಟ್ಟಳು. 41
ತಾಯಿ ಅದನ್ನು ನೆಕ್ಕಿತು. 44
ಮಳೆ ನಿಂತ ಮೇಲೆ ಎರಡೂ ಹೊರಟು ಹೋದವು. 50

ಈಗ ಹುಡುಗಿ ಏನೇನು ಓದಿದಳು ನೋಡೋಣ. ‘ರಾಧಾ’ ಮೂರು ಕಡೆ ಬರುತ್ತದೆ, ಮೂರೂ ಸಲ ‘ರಾದಾ’ ಅಂದಳು. ‘ಬರುತ್ತಿತ್ತು’ ಇದ್ದ ಕಡೆ ‘ಬರ್ತಿತ್ತು’ ಅಂದಳು. ‘ನಡುಗುತ್ತಾ’ ಎಂಬುದನ್ನು ‘ನಗುತ್ತಾ’ ಅಂತ ಓದಿ, ‘ನಿಂತಿತ್ತು’ವರೆಗೆ ಹೋಗಿ, ಒಂದು ಕ್ಷಣ ತಡೆದು, ಹಿಂದೆ ಬಂದು ‘ನಡುಗುತ್ತಾ’ ಅಂದಳು. ‘ಮೆಲ್ಲಗೆ’ಯನ್ನು ‘ಮೇಲೆ’ ಮಾಡಿದಳು. ‘ಒದ್ದೆಯಾಗಿತ್ತು’ ಹತ್ತಿರ ‘ಒದೆ...’ ಅಂತ ನಿಂತಳು, ನೀವು ಹೇಳಿಕೊಟ್ಟಿರಿ. ‘ಬಟ್ಟೆಯಿಂದ’ ಹೋಗಿ ‘ಬಟೆಯಿಂದ’ ಆಯಿತು, ‘ನೆಕ್ಕಿತು’ ಹೋಗಿ ‘ನೆಕಿತು’ ಆಯಿತು. ‘ಅಲ್ಲಾಡಿಸಿತು’ ಎಂಬುದನ್ನು ಒಂದೊಂದೇ ಅಕ್ಷರ ಬಿಡಿಸಿ ಓದಿ, ಆಮೇಲೆ ಕೂಡಿಸಿ ಸರಿಯಾಗಿ ಹೇಳಿದಳು. ಇಷ್ಟೇ.

ನೀವು ಕೊನೆಯದನ್ನು ಬಿಟ್ಟು ಉಳಿದದ್ದನ್ನೆಲ್ಲ ತಪ್ಪು ಅಂತ ಹಾಕಿದ್ದೀರಿ. ಒಂಬತ್ತು ತಪ್ಪು, 50ರಲ್ಲಿ 41 ಸರಿ, ಶೇ. 82. ಮೇಷ್ಟ್ರು ‘ಬಟೆಯಿಂದ’, ‘ನೆಕಿತು’ ಎರಡನ್ನೇ ಹಿಡಿದರು, 96 ಬಂತು. ಒಂದೊಂದೇ ಪದ ಹಿಡಿದು ಹೋದರೆ ಏಳು ಪದಗಳಲ್ಲಿ ನಿಮ್ಮಿಬ್ಬರ ತೀರ್ಮಾನ ಬೇರೆ. ಆ ಏಳನ್ನು ಬಿಡಿಸಿದರೆ ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಸಿಕ್ಕ ಹಾಗೆ.

‘ರಾದಾ’ದಿಂದ ಶುರು ಮಾಡೋಣ. ರನ್ನಿಂಗ್ ರೆಕಾರ್ಡನ್ನು ರೂಪಿಸಿದವರು ನ್ಯೂಜಿಲೆಂಡಿನ ಮೇರಿ ಕ್ಲೇ. ಮಗು ದಿನಾ ಆಡುವ ಉಚ್ಚಾರವನ್ನು ಓದಿನ ತಪ್ಪು ಅಂತ ಎಣಿಸಬಾರದು ಅನ್ನುವುದು ಆ ಪದ್ಧತಿಯ ನಿಯಮಗಳಲ್ಲಿ ಒಂದು. ಕನ್ನಡದಲ್ಲಿ ಇದು ದೊಡ್ಡ ವಿಷಯ. ಮನೆಯಲ್ಲಿ ಮಹಾಪ್ರಾಣ ಆಡದ ಮಗು ‘ಧ’ವನ್ನು ‘ದ’ ಅನ್ನುತ್ತದೆ. ಹಕಾರ ಇಲ್ಲದ ಮಾತಿನ ಮಗು ‘ಹಾಲು’ ಕಂಡು ‘ಆಲು’ ಅನ್ನುತ್ತದೆ. ಕಣ್ಣು ಅಕ್ಷರವನ್ನು ಸರಿಯಾಗೇ ಹಿಡಿದಿದೆ, ಬಾಯಿ ತನ್ನ ರೂಢಿಯಂತೆ ಆಡಿದೆ. ಇದನ್ನು ತಪ್ಪು ಅಂತ ಎಣಿಸಿದರೆ ನಾವು ಅಳೆಯುವುದು ಓದನ್ನಲ್ಲ, ಮಗುವಿನ ಮನೆಮಾತನ್ನು.

ಹಾಗಂತ ಸುಮ್ನೆ ಎಲ್ಲವನ್ನೂ ‘ಅವಳು ಮಾತಾಡೋದೇ ಹಾಗೆ’ ಅಂತ ಬಿಡಬಾರದು. ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಓದು ಮುಗಿದ ಮೇಲೆ ಒಂದು ಚೀಟಿಯಲ್ಲಿ ‘ದ’, ‘ಧ’ ಎರಡನ್ನೂ ಬರೆದು, ‘ರಾಧಾ ಹೆಸರಲ್ಲಿ ಇರೋದು ಯಾವುದು?’ ಅಂತ ಕತೆ ನೋಡದೆ ತೋರಿಸಲು ಹೇಳಿ. ‘ಧ’ ತೋರಿಸಿದರೆ ಅಕ್ಷರ ಗೊತ್ತಿದೆ. ಗೊತ್ತಿಲ್ಲದಿದ್ದರೆ ಅದನ್ನು ಬೇರೆ ಕಡೆ ಬರೆದಿಟ್ಟುಕೊಂಡು ಕಲಿಸಿ. ನಿಖರತೆಯ ಲೆಕ್ಕಕ್ಕೆ ಮಾತ್ರ ತರಬೇಡಿ.

ಒಂದು ವೇಳೆ ಅವಳು ‘ರಾಧಾ’ ಬದಲು ‘ರಾಣಿ’ ಅಂದಿದ್ದರೆ? ಆಗ ಅದು ತಪ್ಪೇ. ಆದರೆ ಮೂರು ಸಲ ಅಂದರೂ ಒಂದೇ ತಪ್ಪು. ವ್ಯಕ್ತಿಯ ಹೆಸರನ್ನು ಮೊದಲ ಸಲ ಮಾತ್ರ ಎಣಿಸಬೇಕು ಅನ್ನುವುದು ನಿಯಮ. ಬೇರೆ ಪದ ಹಾಗಲ್ಲ, ಎಷ್ಟು ಸಲ ತಪ್ಪಿದರೆ ಅಷ್ಟು ಸಲ ಎಣಿಸಬೇಕು. ಹೆಸರು ಮಗುವಿಗೆ ಹೊಸದಿರಬಹುದು, ಅದೊಂದರಿಂದ ಇಡೀ ಅಂಕ ಬೀಳಬಾರದು ಅನ್ನುವ ಲೆಕ್ಕಾಚಾರ ಅದು. ಅಂದರೆ ಯಾವ ದಾರಿಯಲ್ಲಿ ಹೋದರೂ ನಿಮ್ಮ ಮೂರು ತಪ್ಪು ನಿಲ್ಲುವುದಿಲ್ಲ.

‘ಬರ್ತಿತ್ತು’ ಇನ್ನೊಂಥರದ ತಲೆನೋವು. ಇಲ್ಲಿ ಬದಲಾಗಿರುವುದು ಬರೀ ಉಚ್ಚಾರವಲ್ಲ, ಬರಹದ ರೂಪದ ಬದಲು ಮಾತಿನ ರೂಪ ಬಂದಿದೆ. ಕಟ್ಟುನಿಟ್ಟಾಗಿ ಎಣಿಸುವವರು ಒಂದು ತಪ್ಪು ಹಾಕಬಹುದು. ನಾನು ಹಾಕುವುದಿಲ್ಲ. ಬೇಗ ಓದುವಾಗ ದೊಡ್ಡವರ ಬಾಯಲ್ಲೂ ‘ಬರುತ್ತಿತ್ತು’ ಸವೆದು ‘ಬರ್ತಿತ್ತು’ ಆಗುತ್ತದೆ, ಅಲ್ವಾ? ಪದವನ್ನು ಗುರುತಿಸದೆ ಹಾಗೆ ಓದಲು ಸಾಧ್ಯವೇ ಇಲ್ಲ. ಆದರೆ ಪದದ ಮೇಲೆ ಬರೆದಿಟ್ಟುಕೊಳ್ಳುತ್ತೇನೆ. ಒಂದು ಪುಟದಲ್ಲಿ ಇಂಥವು ಆರೇಳು ಬಂದರೆ ಮಗು ಅಕ್ಷರ ಪೂರ್ತಿ ನೋಡದೆ ಓಡುತ್ತಿದೆಯೋ ಏನೋ ಅಂತ ಅನುಮಾನಪಡಬೇಕು. ನೀವು ಎಣಿಸುತ್ತೀರೋ ಬಿಡುತ್ತೀರೋ, ಅದು ಎರಡನೇ ಮಾತು. ಶಾಲೆಯಲ್ಲಿ ಎಲ್ಲರೂ ಒಂದೇ ಥರ ಮಾಡಿ, ವರ್ಷದ ಮಧ್ಯೆ ಬದಲಾಯಿಸಬೇಡಿ.

‘ನಗುತ್ತಾ’ ಅಂದು ‘ನಡುಗುತ್ತಾ’ಕ್ಕೆ ಬಂದದ್ದು ಸ್ವಂತ ತಿದ್ದುಪಡಿ. ಇದು ತಪ್ಪಲ್ಲ. ನಿಜ ಹೇಳಬೇಕೆಂದರೆ ನಿಮ್ಮ ಧ್ವನಿಮುದ್ರಣದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಅದೇ. ‘ನಾಯಿಮರಿ ನಗುತ್ತಾ ನಿಂತಿತ್ತು’ ಅಂತ ಓದಿ ಮುಗಿಸಿದಾಗ ಅವಳಿಗೆ ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು. ಒಂದೂವರೆ ಸೆಕೆಂಡ್ ಸದ್ದಿಲ್ಲ. ಆಮೇಲೆ ತಾನಾಗೇ ಹಿಂದೆ ಹೋದಳು. ನೀವು ‘ಹೂಂ?’ ಅನ್ನಲಿಲ್ಲ, ಕೆಮ್ಮಲಿಲ್ಲ, ಒಳ್ಳೆಯದು ಮಾಡಿದಿರಿ. ಆಗ ಒಂದು ಸಣ್ಣ ಸದ್ದು ಮಾಡಿದ್ದರೂ ಅದು ಅವಳ ತಿದ್ದುಪಡಿ ಆಗಿ ಉಳಿಯುತ್ತಿರಲಿಲ್ಲ. ಹಾಳೆಯಲ್ಲಿ ಇದನ್ನು ಬರೆಯುವ ರೀತಿ ಹೀಗೆ: ಪದದ ಮೇಲೆ ‘ನಗುತ್ತಾ’ ಅಂತ ಬರೆದು ಪಕ್ಕಕ್ಕೆ ‘ತಿ’ ಹಾಕಿ. ಹೇಳಿಕೊಟ್ಟಿದ್ದಕ್ಕೆ ‘ಹೇ’, ಬಿಟ್ಟದ್ದಕ್ಕೆ ಅಡ್ಡಗೆರೆ, ಸರಿ ಓದಿದ್ದಕ್ಕೆ ಟಿಕ್. ಇಷ್ಟು ಗುರುತು ಸಾಕು. ನೀವು ಮಾಡಿದ ಹಾಗೆ ಬರೀ ‘ಇಂಟು’ ಹಾಕಿದರೆ ಮಗು ಏನು ಓದಿತು ಅನ್ನುವುದೇ ಕಳೆದುಹೋಗುತ್ತದೆ. ಧ್ವನಿ ಇರದಿದ್ದರೆ ನಾನು ಈ ಉತ್ತರ ಬರೆಯಲು ಆಗುತ್ತಲೇ ಇರಲಿಲ್ಲ.

ಇಲ್ಲಿಯವರೆಗೆ ನಿಮ್ಮ ಒಂಬತ್ತರಲ್ಲಿ ಐದು ಹೋಯಿತು. ಇನ್ನು ಮೇಷ್ಟ್ರು ಬಿಟ್ಟ ಎರಡು.

‘ಮೆಲ್ಲಗೆ’ ಬದಲು ‘ಮೇಲೆ’ ಅಂದದ್ದನ್ನು ಅವರು ‘ಅರ್ಥ ಕೆಡಲಿಲ್ಲವಲ್ಲ’ ಅಂತ ಬಿಟ್ಟಿದ್ದಾರೆ. ‘ರಾಧಾ ಅದನ್ನು ಮೇಲೆ ಎತ್ತಿಕೊಂಡಳು.’ ನಿಜ, ವಾಕ್ಯ ಚೆನ್ನಾಗೇ ಕೂರುತ್ತದೆ. ಆದರೂ ಅದು ತಪ್ಪು. ಬರೆದದ್ದು ಒಂದು ಪದ, ಓದಿದ್ದು ಇನ್ನೊಂದು. ಅರ್ಥ ಹೊಂದುತ್ತದೋ ಇಲ್ಲವೋ ಅನ್ನುವುದು ತಪ್ಪನ್ನು ಎಣಿಸಿದ ಮೇಲೆ ಕೇಳುವ ಪ್ರಶ್ನೆ, ಎಣಿಸುವ ಮೊದಲಲ್ಲ.

ಇಲ್ಲಿ ಒಂದು ಮಾತು ಜಾಸ್ತಿ ಹೇಳಬೇಕು. ಕ್ಲೇ ಅವರ ಪದ್ಧತಿಯಲ್ಲಿ ಪ್ರತಿ ತಪ್ಪನ್ನೂ ಮಗು ಅರ್ಥ ನೋಡಿ ಮಾಡಿತೋ, ವಾಕ್ಯದ ರಚನೆ ನೋಡಿ ಮಾಡಿತೋ, ಅಕ್ಷರ ನೋಡಿ ಮಾಡಿತೋ ಅಂತ ಮೂರು ಕಂಬಸಾಲಿನಲ್ಲಿ ಗುರುತಿಸುವುದುಂಟು. ಈ ಭಾಗದ ಬಗ್ಗೆ ಈಗ ಓದಿನ ಸಂಶೋಧಕರಲ್ಲಿ ಸಾಕಷ್ಟು ಟೀಕೆ ಇದೆ, ನನಗೂ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಅರ್ಥ ಹೊಂದುವ ಊಹೆಯನ್ನು ‘ಒಳ್ಳೆಯ ತಪ್ಪು’ ಅಂತ ಮೆಚ್ಚಿಕೊಂಡರೆ, ಮಗು ಅಕ್ಷರ ನೋಡುವ ಬದಲು ಊಹಿಸುವುದನ್ನೇ ರೂಢಿ ಮಾಡಿಕೊಳ್ಳುತ್ತದೆ. ನಾನು ಮೊದಲು ನೋಡುವುದು ಪದದ ಯಾವ ಭಾಗ ತಪ್ಪಿತು ಅಂತ. ‘ಮೆಲ್ಲಗೆ’ಯಲ್ಲಿ ‘ಮೆ’ ಹ್ರಸ್ವ, ಅದು ದೀರ್ಘವಾಯಿತು. ‘ಲ್ಲ’ದ ಒತ್ತು ಹೋಯಿತು. ‘ಗೆ’ ನಾಪತ್ತೆ. ಅಂದರೆ ಮೊದಲ ಅಕ್ಷರದ ಸುಳಿವು ಹಿಡಿದು ಊಹಿಸಿದ್ದಾಳೆ.

‘ಒದ್ದೆಯಾಗಿತ್ತು’ ಹೇಳಿಕೊಟ್ಟದ್ದೂ ನಿಯಮದ ಪ್ರಕಾರ ಒಂದು ತಪ್ಪು. ಇದರಲ್ಲಿ ಸ್ವಲ್ಪ ಪಾಲು ನಿಮ್ಮದೂ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಅವಳು ‘ಒದೆ’ ಅಂತ ನಿಂತ ಒಂದೇ ಸೆಕೆಂಡಿಗೆ ನೀವು ಪೂರ್ತಿ ಪದ ಹೇಳಿಬಿಟ್ಟಿರಿ. ಮೂರು ಸೆಕೆಂಡ್ ಕಾಯಬೇಕು. ಮನಸ್ಸಲ್ಲೇ ‘ಒಂದು, ಎರಡು, ಮೂರು’ ಅಂತ ನಿಧಾನಕ್ಕೆ ಎಣಿಸಿ, ಆಮೇಲೂ ಬರದಿದ್ದರೆ ಹೇಳಿ. ಮಗು ಒದ್ದಾಡುವಾಗ ಮೂರು ಸೆಕೆಂಡ್ ಅನ್ನುವುದು ನಮಗೆ ಯುಗದ ಹಾಗೆ ಕಾಣುತ್ತದೆ, ಗೊತ್ತು. ಆದರೆ ‘ನಗುತ್ತಾ’ವನ್ನು ತಿದ್ದಿಕೊಂಡವಳು ಇದನ್ನೂ ತಿದ್ದಿಕೊಳ್ಳುತ್ತಿದ್ದಳೋ ಏನೋ, ಈಗ ಹೇಳಲು ಬರುವುದಿಲ್ಲ.

ಹೀಗೆ ಉಳಿದದ್ದು ನಾಲ್ಕು: ಮೆಲ್ಲಗೆ, ಒದ್ದೆಯಾಗಿತ್ತು, ಬಟ್ಟೆಯಿಂದ, ನೆಕ್ಕಿತು.

(50 − 4) ÷ 50 × 100 = 92

‘ಅಲ್ಲಾಡಿಸಿತು’ ಬಿಡಿಸಿ ಕೂಡಿಸಿದ್ದನ್ನು ನೀವಿಬ್ಬರೂ ಎಣಿಸಲಿಲ್ಲ, ಸರಿಯೇ. ಒಂದೇ ಪದವನ್ನು ಮತ್ತೆ ಮತ್ತೆ ಹೇಳಿದರೂ, ಬಿಡಿಸಿ ಓದಿದರೂ ತಪ್ಪಲ್ಲ. ಅದರ ಬೆಲೆ ಸಮಯದಲ್ಲಿ ಬೀಳುತ್ತದೆ, ನಿಖರತೆಯಲ್ಲಿ ಅಲ್ಲ.

ಈಗ ಗೆರೆಗಳ ವಿಷಯ. ಸಾಮಾನ್ಯವಾಗಿ ಬಳಸುವ ಮಟ್ಟಗಳು ಕ್ಲೇ ಅವರವು. ಶೇ. 95ರಿಂದ 100 ಬಂದರೆ ಆ ಪಠ್ಯ ಮಗುವಿಗೆ ಸುಲಭ, ಒಬ್ಬಳೇ ಕೂತು ಓದಬಹುದು. 90ರಿಂದ 94 ಬಂದರೆ ಪಕ್ಕದಲ್ಲಿ ಟೀಚರ್ ಇದ್ದು ಕಲಿಸಲು ತಕ್ಕದ್ದು. 90ಕ್ಕಿಂತ ಕಮ್ಮಿ ಬಂದರೆ ಕಷ್ಟ. ಇದಕ್ಕೂ ಮೊದಲು, 1946ರಲ್ಲಿ, ಅಮೆರಿಕದ ಎಮ್ಮೆಟ್ ಬೆಟ್ಸ್ ಇನ್ನೂ ಬಿಗಿಯಾದ ಗೆರೆ ಹಾಕಿದ್ದರು. ಅವರ ಪ್ರಕಾರ ಸ್ವತಂತ್ರ ಓದಿಗೆ 99 ಬೇಕು, ಕಲಿಸಲು 95 ಬೇಕು. ಅಂದರೆ 96 ತೆಗೆದ ಮಗು ಕ್ಲೇ ಲೆಕ್ಕದಲ್ಲಿ ‘ಸುಲಭ’, ಬೆಟ್ಸ್ ಲೆಕ್ಕದಲ್ಲಿ ಇನ್ನೂ ‘ಕಲಿಯುವ’ ಮಟ್ಟ. ಎರಡೂ ಇಂಗ್ಲಿಷ್ ಓದುವ ಮಕ್ಕಳನ್ನು ನೋಡಿ ಹಾಕಿದ ಗೆರೆಗಳು. ಇವು ಪ್ರಕೃತಿಯ ನಿಯಮವಲ್ಲ, ಅನುಭವದ ಅಂದಾಜು. ಇನ್ನೊಂದು ವಿಷಯ, ಮಟ್ಟ ಅನ್ನುವುದು ಮಗುವಿನ ಮೇಲೆ ಅಂಟಿಸುವ ಚೀಟಿಯಲ್ಲ. ಈ ಪಠ್ಯ ಈ ಮಗುವಿಗೆ ಇವತ್ತು ಹೇಗಿದೆ ಅನ್ನುವುದಕ್ಕಷ್ಟೇ ಅದು ಉತ್ತರ.

ನಿಮ್ಮ ಕತೆ 50 ಪದದ್ದಾದ್ದರಿಂದ ಇನ್ನೊಂದು ಇಕ್ಕಟ್ಟು ಇದೆ. ಒಂದು ತಪ್ಪಿಗೆ ಎರಡು ಅಂಕ ಹೋಗುತ್ತದೆ. ಎರಡು ತಪ್ಪಾದರೆ 96, ಸುಲಭ. ಮೂರು, ನಾಲ್ಕು, ಐದು ತಪ್ಪಾದರೆ 94, 92, 90. ಆರಕ್ಕೆ 88, ಕಷ್ಟ. ಅಂದರೆ ನಡುವಿನ ಮಟ್ಟ ಇರುವುದೇ ಮೂರು ತಪ್ಪಿನಷ್ಟು ಅಗಲ. ‘ರಾದಾ’ ಒಂದನ್ನೇ ಮೂರು ಸಲ ಎಣಿಸಿದರೆ ಸಾಕು, ಮಗು ಒಂದು ಮಟ್ಟ ದಾಟಿ ಬೀಳುತ್ತದೆ. 100 ಪದದ ಪಠ್ಯವಾದರೆ ಈ ಜಿಗಿತ ಅರ್ಧವಾಗುತ್ತದೆ. ಎರಡನೇ ತರಗತಿಯ ಶುರುವಿನಲ್ಲಿ ಅಷ್ಟು ಉದ್ದ ಓದಿಸುವುದು ಹೆಚ್ಚಾಯಿತು ಅನ್ನಿಸಿದರೆ, ಬೇರೆ ಬೇರೆ ದಿನ ಮೂರು ಸಣ್ಣ ಕತೆ ಓದಿಸಿ, ಮೂರು ಅಂಕದಲ್ಲಿ ನಡುವಿನದನ್ನು ತೆಗೆದುಕೊಳ್ಳಿ. ಸರಾಸರಿಗಿಂತ ಇದು ವಾಸಿ. ಒಂದು ದಿನ ಜ್ವರ ಬಂದು ಕೆಟ್ಟದಾಗಿ ಓದಿದ್ದರೂ ಅದು ಅಂಕವನ್ನು ಎಳೆಯುವುದಿಲ್ಲ.

ಒಂದೇ ಕತೆಯಿಂದ ತೀರ್ಮಾನ ಮಾಡಲೇಬೇಕಾದಾಗ ನಾನು ಒಂದು ತಪ್ಪನ್ನು ಕೂಡಿಸಿ ನೋಡುತ್ತೇನೆ, ಒಂದನ್ನು ಕಳೆದು ನೋಡುತ್ತೇನೆ. ನಿಮ್ಮ ಹುಡುಗಿಗೆ ಮೂರು ತಪ್ಪಾದರೂ ಐದು ತಪ್ಪಾದರೂ ಅದೇ ನಡುವಿನ ಮಟ್ಟ. ಹಾಗಾಗಿ 92 ಅನ್ನುವುದನ್ನು ಧೈರ್ಯವಾಗಿ ಬಳಸಬಹುದು. ಅದೇ ಅವಳಿಗೆ ಐದು ತಪ್ಪಾಗಿದ್ದರೆ ಇನ್ನೊಂದು ಕತೆ ಓದಿಸದೆ ನಾನು ಬಾಯಿ ಬಿಡುತ್ತಿರಲಿಲ್ಲ.

ಕನ್ನಡಕ್ಕೆ ಈ ಗೆರೆ ನಡೆಯುತ್ತದಾ? ಪುಸ್ತಕ ಆರಿಸಲು ಒಂದು ಅಂದಾಜಾಗಿ ನಡೆಯುತ್ತದೆ. ಆದರೆ ಎರಡು ಕಡೆ ಎಚ್ಚರ ಬೇಕು.

ಒಂದು, ಕನ್ನಡದ ಪದ ಉದ್ದ. ವಿಭಕ್ತಿ, ಕಾಲ, ಲಿಂಗ ಎಲ್ಲ ಒಂದೇ ಪದಕ್ಕೆ ಅಂಟಿಕೊಳ್ಳುತ್ತವೆ. ‘ಎತ್ತಿಕೊಂಡಳು’ ಅನ್ನುವುದರಲ್ಲಿ ಐದು ಅಕ್ಷರ, ‘ಮಳೆ’ಯಲ್ಲಿ ಎರಡು. ಐದರಲ್ಲಿ ಒಂದು ಅಕ್ಷರ ತಪ್ಪಿದರೂ ಪೂರ್ತಿ ಪದ ತಪ್ಪು. ಹೀಗಾಗಿ ಒಂದೇ ಮಗು ಚಿಕ್ಕ ಪದಗಳ ಕತೆಯಲ್ಲಿ 96, ಉದ್ದ ಪದಗಳ ಕತೆಯಲ್ಲಿ 88 ತೆಗೆಯಬಹುದು. ಎರಡು ಕತೆಗಳನ್ನು ಹೋಲಿಸುವ ಮೊದಲು ಪದ ಮಾತ್ರ ಎಣಿಸಬೇಡಿ, ಅಕ್ಷರವನ್ನೂ ಎಣಿಸಿ, ಒತ್ತಕ್ಷರ ಎಷ್ಟಿವೆ ನೋಡಿ. ಸೆಪ್ಟೆಂಬರಿನ ಕತೆಯಲ್ಲಿ ಹತ್ತು ಒತ್ತಕ್ಷರ, ಜನವರಿಯದರಲ್ಲಿ ಮೂವತ್ತು ಇದ್ದರೆ ಅಂಕ ಇಳಿದದ್ದು ಮಗುವಿನಿಂದಲ್ಲ.

ಎರಡು, ಇದು ಇನ್ನೂ ಮುಖ್ಯ. ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ. ಅಕ್ಷರ, ಕಾಗುಣಿತ, ಒತ್ತು ಗೊತ್ತಿರುವ ಮಗು ಅರ್ಥವೇ ತಿಳಿಯದ ಪದವನ್ನೂ ಕೂಡಿಸಿ ಸರಿಯಾಗಿ ಹೇಳಿಬಿಡಬಹುದು. ಇಂಗ್ಲಿಷಿನಲ್ಲಿ ಅಷ್ಟು ಸಲೀಸಲ್ಲ. ಅದಕ್ಕೇ ಅಕ್ಷರ ಪಳಗಿದ ಮಗುವಿನ ನಿಖರತೆ ನಮ್ಮಲ್ಲಿ ಬೇಗ 95 ದಾಟಬಹುದು, ವೇಗ ಮಾತ್ರ ಹಿಂದೆ ಉಳಿಯಬಹುದು. ಒಮ್ಮೆ ಒಬ್ಬ ಹುಡುಗ ಇಂಥದೇ 50 ಪದದ ಕತೆಯನ್ನು ಒಂದೇ ಒಂದು ತಪ್ಪಿನಲ್ಲಿ ಓದಿದ. ಶೇ. 98! ಆದರೆ ನಾಲ್ಕು ನಿಮಿಷ ತೆಗೆದುಕೊಂಡ. ನಿಮಿಷಕ್ಕೆ ಹನ್ನೆರಡು ಪದ. ‘ಬಾ... ಗಿ... ಲ... ಬಾಗಿಲ’ ಅಂತ ಪ್ರತಿ ಪದಕ್ಕೂ ಬಾವಿಯಿಂದ ನೀರು ಸೇದಿದ ಹಾಗೆ. ಮುಗಿದ ಮೇಲೆ ಕತೆಯ ಬಗ್ಗೆ ಕೇಳಿದೆ. ಪಾಪ, ಒಂದು ಮಾತೂ ನೆನಪಿರಲಿಲ್ಲ. ಮಟ್ಟದ ಪ್ರಕಾರ ಆ ಕತೆ ಅವನಿಗೆ ‘ಸುಲಭ’.

ಹಾಗಾಗಿ ಕನ್ನಡದಲ್ಲಿ ನಿಖರತೆಯ ಜೊತೆಗೆ ಸಮಯವನ್ನೂ ಬರೆದುಕೊಳ್ಳಲೇಬೇಕು. ನಿಮ್ಮ ಹುಡುಗಿ 1 ನಿಮಿಷ 40 ಸೆಕೆಂಡ್ ತೆಗೆದುಕೊಂಡಳು, ಅಂದರೆ 100 ಸೆಕೆಂಡ್. ಸರಿ ಓದಿದ ಪದ 46.

46 ÷ 100 × 60 = 27.6

ನಿಮಿಷಕ್ಕೆ ಸುಮಾರು 28 ಸರಿ ಪದ. ಇದನ್ನು ಇಂಗ್ಲಿಷಿನ ಕೋಷ್ಟಕದ ಪಕ್ಕ ಇಟ್ಟು ಗಾಬರಿ ಆಗಬೇಡಿ. ಅಮೆರಿಕದ ಹಾಸ್‌ಬ್ರೂಕ್ ಮತ್ತು ಟಿಂಡಲ್ ಅವರ 2017ರ ಕೋಷ್ಟಕದಲ್ಲಿ ಎರಡನೇ ತರಗತಿಯ ಕೊನೆಗೆ ನಡುವಿನ ಮಗುವಿನ ವೇಗ ನಿಮಿಷಕ್ಕೆ 100 ಪದ. ಆ ಪದಗಳು ಬೇರೆ, ನಮ್ಮ ಪದಗಳು ಬೇರೆ. ನಮ್ಮ ‘ಎತ್ತಿಕೊಂಡಳು’ ಎಂಬ ಒಂದು ಪದ ಹೇಳಲು ಅಲ್ಲಿ ಎರಡು ಮೂರು ಪದ ಬೇಕು. ಅವಳನ್ನು ಹೋಲಿಸಬೇಕಾದದ್ದು ಮೂರು ತಿಂಗಳ ಹಿಂದಿನ ಅವಳ ಜೊತೆಗೇ. ಜೊತೆಗೆ ಓದಿನ ಲಯವನ್ನೂ ಒಂದು ಸಾಲಲ್ಲಿ ಬರೆಯಿರಿ: ಒಂದೊಂದೇ ಪದ ಓದಿದಳಾ, ಎರಡೆರಡು ಕೂಡಿಸಿದಳಾ, ಮೂರು ನಾಲ್ಕು ಪದ ಒಟ್ಟಿಗೆ ಹೋದವಾ, ಇಲ್ಲಾ ಮಾತಾಡುವ ಹಾಗೆ ಏರಿಳಿತದಲ್ಲಿ ಓದಿದಳಾ. ನನ್ನ ಕಿವಿಗೆ ನಿಮ್ಮ ಹುಡುಗಿ ಎರಡನೆಯ ಥರ. ‘ಅದು ಮರಿಯ ತಾಯಿ’ ಅನ್ನುವುದನ್ನು ಮಾತ್ರ ಒಂದೇ ಉಸಿರಲ್ಲಿ ಓದಿದಳು.

ಸಮಯ ಅಳೆಯುತ್ತಿದ್ದೀರಿ ಅಂತ ಅವಳಿಗೆ ಗೊತ್ತಾಗದಿದ್ದರೆ ಒಳ್ಳೆಯದು. ಮೊಬೈಲ್ ಎದುರಿಗೆ ಇಟ್ಟರೆ ಮಕ್ಕಳು ರೇಸಿಗೆ ಬಿದ್ದು ಓದುತ್ತಾರೆ, ಆಗ ಬರುವ ತಪ್ಪುಗಳು ಅವರ ತಪ್ಪುಗಳಲ್ಲ.

ಪಠ್ಯದ ಬಗ್ಗೆಯೂ ಒಂದು ಮಾತು. ಅವಳು ಈ ಕತೆಯನ್ನು ಮೊದಲು ಕೇಳಿರಬಾರದು. ಇದನ್ನು ನಾನು ಕಲಿತದ್ದು ಮುಖಭಂಗ ಮಾಡಿಕೊಂಡು. ಒಂದು ಶಾಲೆಯ ಜಗುಲಿಯಲ್ಲಿ ಕೂತು ಮಕ್ಕಳನ್ನು ಸಾಲಾಗಿ ಕರೆದು ಒಂದೇ ಕತೆ ಓದಿಸುತ್ತಿದ್ದೆ. ಒಬ್ಬೊಬ್ಬರ ಅಂಕವೂ ಏರುತ್ತಾ ಹೋಯಿತು, ನನಗೆ ಖುಷಿಯೋ ಖುಷಿ. ಆರನೆಯ ಹುಡುಗ ಹಾಳೆಯನ್ನು ತಿರುಗಿಸಿ ಮಡಿಲಲ್ಲಿ ಇಟ್ಟುಕೊಂಡು, ನನ್ನ ಮುಖ ನೋಡುತ್ತಾ ಪೂರ್ತಿ ಕತೆ ಒಪ್ಪಿಸಿದ! ಸಾಲಲ್ಲಿ ಕೂತವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಆ ದಿನದ ಹಾಳೆಗಳನ್ನೆಲ್ಲ ಹರಿದು ಹಾಕಿದೆ. ಪಾಠದ ಪುಸ್ತಕದ ಪುಟ ಓದಿಸಿದರೂ ಇದೇ ಕತೆ. ತರಗತಿಯಲ್ಲಿ ಹತ್ತು ಸಲ ಕೇಳಿದ ಪಾಠದಲ್ಲಿ ನಿಖರತೆ 99 ಬಂದರೆ ಅದು ನೆನಪಿನ ಅಂಕ.

ಇನ್ನು ಆ ನಾಲ್ಕು ಪದಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ: ಮೆಲ್ಲಗೆ, ಒದ್ದೆಯಾಗಿತ್ತು, ಬಟ್ಟೆಯಿಂದ, ನೆಕ್ಕಿತು. ನಾಲ್ಕರಲ್ಲೂ ಒತ್ತಕ್ಷರವೇ ಜಾರಿದೆ. ಹಾಗಾದರೆ ಅವಳಿಗೆ ಒತ್ತಕ್ಷರ ಬರುವುದಿಲ್ಲವಾ? ಅಷ್ಟು ಬೇಗ ಹೇಳಬೇಡಿ. ‘ಬೆಳಿಗ್ಗೆ’, ‘ಎದ್ದಳು’, ‘ಹತ್ತಿರ’, ‘ದೊಡ್ಡ’, ‘ಬಿಟ್ಟಳು’ ಎಲ್ಲವನ್ನೂ ತಡೆಯದೆ ಓದಿದ್ದಾಳೆ. ‘ಎದ್ದಳು’ವಿನಲ್ಲಿ ‘ದ್ದ’ ಬಂದವಳಿಗೆ ‘ಒದ್ದೆ’ಯಲ್ಲಿ ಯಾಕೆ ಬರಲಿಲ್ಲ? ನನ್ನ ಊಹೆ, ಕಣ್ಣಿಗೆ ಪಳಗಿದ ಪದಗಳನ್ನು ಅವಳು ಇಡಿಯಾಗಿ ಗುರುತಿಸುತ್ತಾಳೆ. ಪಳಗದ ಪದ ಬಂದಾಗ ಅಕ್ಷರ ಅಕ್ಷರ ಕೂಡಿಸುತ್ತಾಳೆ, ಆಗ ಕೆಳಗಿನ ಒತ್ತು ಕಣ್ಣಿಗೆ ಬೀಳುವುದಿಲ್ಲ. ‘ಬಟ್ಟೆ’ ಒಂದೇ ಇದ್ದಿದ್ದರೆ ಓದುತ್ತಿದ್ದಳು ಅನ್ನಿಸುತ್ತದೆ. ‘ಯಿಂದ’ ಅಂಟಿಕೊಂಡು ಬಾಲ ಉದ್ದವಾದದ್ದೇ ಗಮನ ಅತ್ತ ಹೋಯಿತು.

ನಾಲ್ಕು ತಪ್ಪಿನಿಂದ ಇಷ್ಟು ದೊಡ್ಡ ಮಾತು ಹೇಳಬಹುದಾ? ಬರೀ ಅದರಿಂದ ಹೇಳಬಾರದು. ಹಾಗಾಗಿ ಎರಡು ನಿಮಿಷದ ಒಂದು ಪರೀಕ್ಷೆ ಮಾಡಿ. ಒಂದು ಚೀಟಿಯಲ್ಲಿ ಜೋಡಿಪದ ಬರೆಯಿರಿ: ಒದೆ–ಒದ್ದೆ, ಕತೆ–ಕತ್ತೆ, ಬಳಿ–ಬಳ್ಳಿ, ಹಳಿ–ಹಳ್ಳಿ. ಕ್ರಮ ಕಲಸಿ ಒಂದೊಂದೇ ತೋರಿಸಿ. ಜೊತೆಗೆ ‘ಬಟ್ಟೆ’, ‘ಬಟ್ಟೆಯಿಂದ’, ‘ಬಟ್ಟೆಯನ್ನು’ ಬೇರೆ ಬೇರೆ ತೋರಿಸಿ. ಜೋಡಿಗಳಲ್ಲೇ ತಪ್ಪಿದರೆ ಒತ್ತು ನೋಡುವುದನ್ನೇ ಕಲಿಸಬೇಕು: ದಿನಾ ಐದು ನಿಮಿಷ, ಒತ್ತು ಇದ್ದರೂ ಇಲ್ಲದಿದ್ದರೂ ಅರ್ಥ ಬರುವ ಇಂಥ ಜೋಡಿಗಳು ಸಾಕು. ಜೋಡಿ ಸರಿಯಾಗಿ ಓದಿ ‘ಬಟ್ಟೆಯಿಂದ’ದಲ್ಲಿ ಮಾತ್ರ ಎಡವಿದರೆ, ತೊಂದರೆ ಪದದ ಉದ್ದದ್ದು. ಆಗ ಬೆರಳಿಂದ ಬಾಲ ಮುಚ್ಚಿ ‘ಬಟ್ಟೆ’ ಓದಿಸಿ, ಆಮೇಲೆ ಬೆರಳು ತೆಗೆಯಿರಿ.

ಅರ್ಥದ ಬಗ್ಗೆ ಅವಳ ವಿಷಯದಲ್ಲಿ ನನಗೆ ಅಷ್ಟು ಚಿಂತೆ ಇಲ್ಲ. ನೀವು ಕೊನೆಗೆ ‘ನಾಯಿಮರಿ ಯಾಕೆ ನಡುಗುತ್ತಿತ್ತು?’ ಅಂತ ಕೇಳಿದಿರಿ. ‘ಮಳೇಲಿ ನೆಂದಿತ್ತಲ್ಲ, ಚಳಿ’ ಅಂದಳು. ಕತೆಯಲ್ಲಿ ಚಳಿ ಅನ್ನುವ ಪದವೇ ಇಲ್ಲ! ಇನ್ನೊಂದು ಪ್ರಶ್ನೆ, ‘ರಾಧಾ ಮರಿಯನ್ನು ಯಾಕೆ ಕೆಳಗೆ ಬಿಟ್ಟಳು?’ ಅಂತಲೂ ಕೇಳಬಹುದಿತ್ತು. ಮುಂದಿನ ಸಲ ಇಂಥ ಮೂರು ಪ್ರಶ್ನೆ ಮೊದಲೇ ಬರೆದಿಟ್ಟುಕೊಳ್ಳಿ, ಒಂದರ ಉತ್ತರವಾದರೂ ಕತೆಯಲ್ಲಿ ನೇರವಾಗಿ ಇರಬಾರದು.

ಮೂರು ವಾರ ಬಿಟ್ಟು ಹೊಸ ಕತೆ ಓದಿಸಿ, ಇದನ್ನೇ ಮತ್ತೆ ಬೇಡ. ಸುಮಾರು ಇಷ್ಟೇ ಪದ, ಇಷ್ಟೇ ಒತ್ತಕ್ಷರ ಇರಲಿ. ಅದರಲ್ಲಿ ಅವಳು ನೋಡಿರದ ನಾಲ್ಕೈದು ಒತ್ತಿನ ಪದ ಬೇಕೆಂದೇ ಸೇರಿಸಿ. ಮೇಷ್ಟ್ರನ್ನೂ ಕರೆದು ಒಂದೇ ಧ್ವನಿಯನ್ನು ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಗುರುತಿಸಿ, ಒಟ್ಟು ಅಂಕ ನೋಡುವ ಮೊದಲು ಪದ ಪದ ಹೋಲಿಸಿ. ಈ ಸಲ 50ರಲ್ಲಿ ಏಳು ಕಡೆ ಬೇರೆಯಾಗಿತ್ತು. ನಿಯಮ ಒಂದು ಮಾಡಿಕೊಂಡ ಮೇಲೂ ಎರಡಕ್ಕಿಂತ ಜಾಸ್ತಿ ಕಡೆ ಬೇರೆ ಬಂದರೆ ಆ ಪದಗಳನ್ನು ನನಗೆ ಕಳಿಸಿ, ಧ್ವನಿ ಸಮೇತ.